ನಿಮ್ಮ ಹೆಸರನ್ನು ಒಮ್ಮೆ ನೀವೇ ಹೇಳಿ

ನಮಸ್ಕಾರ, ಕೇಳುಗರೆ.

ಕಚೇರಿಗೆ ಹೊಸಬರೊಬ್ಬರು ಸೇರುತ್ತಾರೆ ಅಂತ ಇಮೇಲ್ ಬಂದಿದೆ ಅಂದುಕೊಳ್ಳಿ. ಅದರಲ್ಲಿ ಅವರ ಹೆಸರಿದೆ. ಅಕ್ಷರ ಬಿಡಿಸಿ ಹೇಳುತ್ತೇನೆ: ಎಸ್, ಐ, ಓ, ಬಿ, ಎಚ್, ಎ, ಎನ್. ನಾವು ಓದುವುದು ಹೇಗೆ? ‘ಸಿಯೋಭಾನ್’ ಅಂತ ತಾನೆ?

ಇದು ಐರಿಷ್ ಹೆಸರು. ಹೇಳುವುದು ‘ಶಿವಾನ್’. ಆ ಭಾಷೆಯ ಬರವಣಿಗೆಯಲ್ಲಿ ಬಿ ಮತ್ತು ಎಚ್ ಸೇರಿದರೆ ಇಲ್ಲಿ ‘ವ’ ಆಗುತ್ತದೆ. ಎಸ್ ಮುಂದೆ ಐ ಬಂದರೆ ‘ಶ’ ಆಗುತ್ತದೆ. ಎ ಅಕ್ಷರದ ಮೇಲೆ ಒಂದು ಸಣ್ಣ ಗೀಟು ಇರುತ್ತದೆ, ಸ್ವರ ದೀರ್ಘ ಅನ್ನುವುದಕ್ಕೆ. ಇಮೇಲ್‌ನಲ್ಲಿ ಆ ಗೀಟು ಎಷ್ಟೋ ಸಲ ಬಿಟ್ಟುಹೋಗುತ್ತದೆ.

ನಮ್ಮ ಹೆಸರುಗಳಿಗೂ ಇಂಗ್ಲಿಷ್ ಅಕ್ಷರದಲ್ಲಿ ಇದೇ ಗತಿ ಅಲ್ವಾ? ‘ವೀಣಾ’ದ ಣಕಾರ, ‘ಮುರಳಿ’ಯ ಳಕಾರ ಅಲ್ಲಿ ಕಾಣುವುದೇ ಇಲ್ಲ. ಓದುವವರು ವೀನಾ, ಮುರಲಿ ಅನ್ನುತ್ತಾರೆ. ಅದಕ್ಕೇ ಹೇಳುವುದು, ಕಾಗದದ ಮೇಲಿನ ಹೆಸರನ್ನು ನಂಬಬೇಡಿ. ಆ ಹೆಸರಿನವರ ಬಾಯಿಂದಲೇ ಕೇಳಿ.

ಮೊದಲೇ ಹುಡುಕಿ ತಿಳಿದುಕೊಂಡಿದ್ದರೂ ಕೇಳಬೇಕು. ಯಾಕೆಂದರೆ ಈ ಶಿವಾನ್ ಹೆಸರಲ್ಲೇ ಕೆಲವರ ಬಾಯಲ್ಲಿ ‘ವಾ’ ಸ್ಪಷ್ಟವಾದ ಆಕಾರ. ಇನ್ನು ಕೆಲವರದು ಓಕಾರದ ಕಡೆಗೆ ವಾಲುತ್ತದೆ, ನಾವು ಕ್ರಿಕೆಟ್ ಬಾಲ್ ಅನ್ನುವಾಗ ಬರುವ ಸ್ವರದ ಹಾಗೆ. ನಿಮ್ಮ ಎದುರಿಗಿರುವವರದು ಯಾವುದು ಅಂತ ಅವರಿಗೆ ಮಾತ್ರ ಗೊತ್ತು.

ಕೇಳಲು ಒಳ್ಳೆಯ ಹೊತ್ತು ಮೊದಲ ನಮಸ್ಕಾರದ ಹೊತ್ತೇ. ಮೊದಲು ನಿಮ್ಮ ಹೆಸರು ಹೇಳಿ. ಆಮೇಲೆ, “ನಿಮ್ಮ ಹೆಸರನ್ನು ಒಮ್ಮೆ ನೀವೇ ಹೇಳಿ, ಸರಿಯಾಗಿ ಕೇಳಿಸಿಕೊಳ್ಳುತ್ತೇನೆ” ಅನ್ನಿ. ಅಷ್ಟು ಸಾಕು. “ನಿಮ್ಮ ಹೆಸರು ಕಷ್ಟ” ಅನ್ನಬೇಡಿ. ಅವರಿಗೆ ಅದು ಹುಟ್ಟಿದಾಗಿನಿಂದ ಸುಲಭವೇ. “ಚಿಕ್ಕದಾಗಿ ಏನಂತ ಕರೆಯಲಿ?” ಅಂತಲೂ ಬೇಡ. ಅವರಾಗಿಯೇ ಚಿಕ್ಕ ಹೆಸರು ಹೇಳಿದರೆ ಆಗ ಮಾತು ಬೇರೆ.

ಕೇಳಿದ ಕೂಡಲೇ ನೀವೂ ಒಮ್ಮೆ ಹೇಳಿ. ಇಲ್ಲೇ ಜಾಸ್ತಿ ಜನ ಎಡವುವುದು. “ಸರಿ ಇದೆಯಾ?” ಅಂತ ಕೇಳಿದರೆ ಎದುರಿನವರು ಮರ್ಯಾದೆಗೆ “ಹೂಂ, ಸರಿ ಇದೆ” ಅಂದುಬಿಡುತ್ತಾರೆ. ಅದರ ಬದಲು ಎರಡು ರೂಪ ಮುಂದಿಡಿ: “ಶಿವನ್ ಅನ್ನಲೋ, ಶಿವಾನ್ ಅನ್ನಲೋ?” ಆಗ ಅವರು ಒಂದನ್ನು ಆರಿಸಲೇಬೇಕು. ಇನ್ನೊಂದು ಗುರುತೂ ಇದೆ. ನೀವು ಹೇಳಿದ ಮೇಲೆ ಅವರು ತಮ್ಮ ಹೆಸರನ್ನು ಮತ್ತೆ ಮೆಲ್ಲಗೆ ಹೇಳಿದರೆ, ಅದು ತಿದ್ದುಪಡಿ. ಸುಮ್ನೆ ತಲೆಯಾಡಿಸದೆ ಇನ್ನೊಮ್ಮೆ ಹೇಳಿ ನೋಡಿ.

ನಮ್ಮ ನಾಲಿಗೆಯ ಒಂದು ಅಭ್ಯಾಸ ಇಲ್ಲಿ ನೆನಪಿರಲಿ. ಪದದ ಕೊನೆಯಲ್ಲಿ ವ್ಯಂಜನ ಬಂದರೆ ನಾವು ಉಕಾರ ಸೇರಿಸುತ್ತೇವೆ. ಬಸ್ಸು, ಕಾರು ಅನ್ನುವ ಹಾಗೆ ಶಿವಾನು ಆಗಿಬಿಡುತ್ತದೆ. ಕೊನೆಯನ್ನು ನಕಾರಕ್ಕೇ ನಿಲ್ಲಿಸಿ. ಒತ್ತು ಬೀಳಬೇಕಾದದ್ದು ‘ವಾ’ ಮೇಲೆ.

ಕುರ್ಚಿಗೆ ಮರಳಿದ ಕೂಡಲೇ ಫೋನ್‌ನಲ್ಲಿ ಅವರ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಹ್ರಸ್ವ, ದೀರ್ಘ ಎರಡನ್ನೂ ನಮ್ಮ ಲಿಪಿ ಚೆನ್ನಾಗಿ ಹಿಡಿದಿಡುತ್ತದೆ. ಎಲ್ಲವನ್ನೂ ಹಿಡಿಯಲಾರದು, ನಿಜ. ಚೀನೀ, ವಿಯೆಟ್ನಾಮೀ ಹೆಸರುಗಳಲ್ಲಿ ದನಿಯ ಏರಿಳಿತವೂ ಹೆಸರಿನ ಭಾಗ. ಅದನ್ನು ಕೇಳಿ ಕೇಳಿಯೇ ಕಲಿಯಬೇಕು. ಅಲ್ಲಿ ನಾಲ್ಕು ಸಲ ಕೇಳಿದರೂ ತಪ್ಪಿಲ್ಲ.

ಇನ್ನು, ತಿಂಗಳುಗಟ್ಟಲೆ ತಪ್ಪಾಗಿ ಕರೆದವರು ಏನು ಮಾಡಬೇಕು? ನಾನೇ ಹಾಗೆ ಮಾಡಿದ್ದೇನೆ. ಸಹೋದ್ಯೋಗಿಯೊಬ್ಬರ ಹೆಸರನ್ನು ಮೂರು ತಿಂಗಳು ತಪ್ಪಾಗಿ ಹೇಳಿದೆ. ಅವರು ಪ್ರತಿ ಸಲವೂ ಓಗೊಟ್ಟರು. ಒಂದು ದಿನ ಅವರು ಫೋನ್‌ನಲ್ಲಿ ತಮ್ಮ ಹೆಸರು ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ನಾನು ಕರೆಯುತ್ತಿದ್ದ ಹೆಸರಲ್ಲ ಅದು! ಎದೆ ಧಸಕ್ಕೆಂದಿತು.

ನಾಲ್ಕು ಜನರ ಮುಂದೆ ಕೇಳಲಿಲ್ಲ. ಅವರೊಬ್ಬರೇ ಇದ್ದಾಗ ಹೋಗಿ, “ಇಷ್ಟು ದಿನ ನಿಮ್ಮ ಹೆಸರನ್ನು ತಪ್ಪಾಗಿ ಹೇಳುತ್ತಿದ್ದೆ, ಕ್ಷಮಿಸಿ. ಸರಿಯಾಗಿ ಹೇಳಿಕೊಡುತ್ತೀರಾ?” ಅಂದೆ. ಕ್ಷಮೆ ಒಂದೇ ಸಲ ಕೇಳಿದೆ. ಅದನ್ನು ಎಳೆದರೆ ಸಮಾಧಾನ ಮಾಡುವ ಕೆಲಸ ಅವರ ತಲೆಗೇ ಬೀಳುತ್ತದೆ. ಅವರು ಎರಡು ಸಲ ನಿಧಾನವಾಗಿ ಹೇಳಿದರು. ನಾನು ಹೇಳಿದೆ. ಮೂರನೆಯ ಸಲಕ್ಕೆ ಸರಿಹೋಯಿತು.

ಮರುದಿನ ಬೆಳಿಗ್ಗೆ ಮೆಟ್ಟಿಲ ಹತ್ತಿರ ಸಿಕ್ಕರು. ಹೆಸರು ಹಿಡಿದು ನಮಸ್ಕಾರ ಅಂದೆ. ಅವರು ನಿಂತು, ತಿರುಗಿ, ನನ್ನ ಹೆಸರನ್ನೂ ಹಿಡಿದು ನಮಸ್ಕಾರ ಅಂದರು.