ಮದುವೆ ಕರೆಯೋಲೆ: ಮುಹೂರ್ತ, ಮಂಟಪ, ಪಾರ್ಕಿಂಗ್, ಜೊತೆಗೆ ಒಂದು ಸಾಲು

ನಮಸ್ಕಾರ. ಫೆಬ್ರವರಿ ಕೊನೆಯ ಭಾನುವಾರ ನಮ್ಮ ಮದುವೆ. ಬಂಧುಬಳಗವನ್ನೆಲ್ಲ ಅಪ್ಪ, ಅಮ್ಮ ಮನೆಮನೆಗೆ ಹೋಗಿ, ಅರಿಶಿನ ಕುಂಕುಮ ಹಚ್ಚಿದ ಲಗ್ನಪತ್ರಿಕೆ ಕೊಟ್ಟು ಕರೆಯುತ್ತಿದ್ದಾರೆ. ಸ್ನೇಹಿತರನ್ನು, ಆಫೀಸಿನವರನ್ನು ಕರೆಯುವುದು ನನ್ನ ಪಾಲಿಗೆ. ಅದು ಮೊಬೈಲಿನಲ್ಲಿ. ಆ ಕರೆಯೋಲೆ ಹೇಗೆ ಬರೆದೆ ಅಂತ ಇವತ್ತು ತೋರಿಸುತ್ತೇನೆ.

"ಲಗ್ನಪತ್ರಿಕೆ ಫೋಟೊ ತೆಗೆದು ಗ್ರೂಪಿಗೆ ಹಾಕಿದ್ರೆ ಆಯ್ತಲ್ವಾ ಅಕ್ಕ?" ಅಂತ ತಮ್ಮ ಕೇಳಿದ. ನನಗೆ ಮನಸ್ಸು ಒಪ್ಪಲಿಲ್ಲ. ನೋಡಿ, ಇದು ನಮ್ಮ ಲಗ್ನಪತ್ರಿಕೆ. ಸಂವತ್ಸರ, ಮಾಸ, ತಿಥಿ, ನಕ್ಷತ್ರ, ಎರಡೂ ಕಡೆಯ ಹಿರಿಯರ ಹೆಸರು, ಎಲ್ಲ ಇದೆ. ದೊಡ್ಡಪ್ಪನಂಥವರು ಕಣ್ಣಾಡಿಸಿದ ಕೂಡಲೇ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಲೆಕ್ಕ ಹಾಕುತ್ತಾರೆ. ನಮ್ಮ ಟೀಮಿನವರಿಗೆ ಅದು ಗೊತ್ತಾಗುವುದು ಹೇಗೆ? ಅರ್ಧ ಜನ ಬೇರೆ ರಾಜ್ಯದವರು. ಎಷ್ಟೊತ್ತಿಗೆ ಬರಬೇಕು, ಎಲ್ಲಿ ಇಳಿಯಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು, ಅವರಿಗೆ ಬೇಕಾಗಿರುವುದು ಇಷ್ಟು.

ಮೊದಲು ಮುಹೂರ್ತ. ಪತ್ರಿಕೆಯಲ್ಲಿ ಹೀಗಿದೆ: "ಬೆಳಗ್ಗೆ 9.45ರಿಂದ 10.40ರ ಒಳಗೆ ಸಲ್ಲುವ ಶುಭ ಮೇಷ ಲಗ್ನದಲ್ಲಿ." ಆಫೀಸಿನವರು ಇದನ್ನು ಮೀಟಿಂಗ್ ಟೈಮ್ ಥರ ಓದುತ್ತಾರೆ. 10.40ರ ತನಕ ಕಾರ್ಯಕ್ರಮ ಇದೆ, 10.15ಕ್ಕೆ ಹೋದರೂ ನಡೆಯುತ್ತೆ ಅಂತ ಅಂದುಕೊಳ್ಳುತ್ತಾರೆ. ವಿಷಯ ಹಾಗಲ್ಲ. ದಿನದಲ್ಲಿ ಹನ್ನೆರಡು ರಾಶಿಗಳೂ ಒಂದರ ಹಿಂದೆ ಒಂದು ಉದಯಿಸುತ್ತವೆ. ಹಾಗಾಗಿ ಒಂದೊಂದು ಲಗ್ನ ಹೆಚ್ಚುಕಡಿಮೆ ಎರಡು ಗಂಟೆ ಇರುತ್ತದೆ. ಅದರೊಳಗೆ ಒಳ್ಳೆಯ ಭಾಗವನ್ನು ಪುರೋಹಿತರು ಆರಿಸಿ ಕೊಡುತ್ತಾರೆ. ಧಾರೆ, ಮಾಂಗಲ್ಯ ಧಾರಣೆ ಆ ಅವಧಿಯಲ್ಲಿ ಯಾವಾಗ ಬೇಕಾದರೂ ಆಗಬಹುದು. ಸಪ್ತಪದಿ, ಲಾಜಹೋಮ ಆಮೇಲೆ ನಡೆಯುತ್ತವೆ.

ನಮ್ಮ ಪುರೋಹಿತರಿಗೆ ಫೋನ್ ಮಾಡಿ, "ತಾಳಿ ಎಷ್ಟೊತ್ತಿಗೆ ಕಟ್ಟಿಸ್ತೀರಿ ಸ್ವಾಮಿ?" ಅಂತ ನೇರವಾಗಿ ಕೇಳಿದೆ. "ಹತ್ತರ ಆಸುಪಾಸಮ್ಮ" ಅಂದರು. ಅಂದರೆ 10.15ಕ್ಕೆ ಬಂದವರಿಗೆ ಅಂತರಪಟ ಸರಿಯುವುದೂ ಕಾಣಲ್ಲ, ನಾವಿಬ್ಬರೂ ಜೀರಿಗೆ ಬೆಲ್ಲ ಹಾಕುವುದೂ ಕಾಣಲ್ಲ. ಅದನ್ನು ನನ್ನ ಸ್ನೇಹಿತರು ನೋಡಲೇಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಕರೆಯೋಲೆಯಲ್ಲಿ ಮುಹೂರ್ತದ ಅವಧಿ ಹಾಕಿ, ಅದರ ಕೆಳಗೇ "9.15ಕ್ಕೆ ಬನ್ನಿ" ಅಂತ ಬರೆದೆ.

ನಿಮ್ಮ ಮುಹೂರ್ತ ಸೂರ್ಯೋದಯಕ್ಕೆ ಮುಂಚೆ ಇದ್ದರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು. ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯದಿಂದ. ಬೆಳಗಿನ ಜಾವ 4.45ರ ಮುಹೂರ್ತವನ್ನು ಪತ್ರಿಕೆಯಲ್ಲಿ "ಶನಿವಾರ ರಾತ್ರಿ ಬೆಳಗಾದರೆ ಭಾನುವಾರ" ಅಂತ ಹಾಕಿರುತ್ತಾರೆ. ಮೊಬೈಲಿನಲ್ಲಿ ಕಳಿಸುವಾಗ ಭಾನುವಾರದ ತಾರೀಕು ಹಾಕಿ, "ನಸುಕಿನ 4.45" ಅಂತ ಬಿಡಿಸಿ ಬರೆಯಿರಿ.

ಈಗ ಜಾಗ. ಮಂಟಪ ಇರುವುದು ಬಸವನಗುಡಿಯಲ್ಲಿ. ಮ್ಯಾಪಿನಲ್ಲಿ ಮಂಟಪದ ಹೆಸರು ಹುಡುಕಿದರೆ ಪಿನ್ ಬೀಳುವುದು ಹಿಂದಿನ ಗಲ್ಲಿಯಲ್ಲಿ, ಅಡುಗೆ ಸಾಮಾನು ಇಳಿಸುವ ಬಾಗಿಲ ಹತ್ತಿರ. ಹಾಗಾಗಿ ನಾನೇ ಹೋಗಿ ಮುಂದಿನ ಗೇಟಿನ ಎದುರು ನಿಂತು, ಮ್ಯಾಪಿನ ಮೇಲೆ ಆ ಜಾಗವನ್ನು ಬೆರಳಿಂದ ಒತ್ತಿ ಹಿಡಿದು, ಹೊಸ ಪಿನ್ ಹಾಕಿ ಅದರ ಲಿಂಕ್ ತೆಗೆದುಕೊಂಡೆ. ಈ ಲಿಂಕನ್ನು ಚಿತ್ರದೊಳಗೆ ಬರೆದು ಪ್ರಯೋಜನವಿಲ್ಲ. ಚಿತ್ರದಲ್ಲಿರುವ ಅಕ್ಷರವನ್ನು ಮುಟ್ಟಿದರೆ ಮ್ಯಾಪ್ ತೆರೆಯಲ್ಲ. ಚಿತ್ರದ ಕೆಳಗಿನ ಮೆಸೇಜಿನಲ್ಲೇ ಲಿಂಕ್ ಇರಬೇಕು.

ಪಾರ್ಕಿಂಗ್ ವಿಚಾರ ಮಂಟಪದ ಮ್ಯಾನೇಜರ್ ಹತ್ತಿರ ಕೂತು ಮಾತಾಡಿದೆ. "ಪಾರ್ಕಿಂಗ್ ಇದೆ" ಅಂದಷ್ಟಕ್ಕೇ ನಾನು ಏಳಲಿಲ್ಲ. ಎಷ್ಟು ಕಾರು ಹಿಡಿಸುತ್ತೆ ಅಂತ ಕೇಳಿದೆ. ನೆಲಮಾಳಿಗೆಯಲ್ಲಿ 30. ಅದರಲ್ಲಿ ಎರಡೂ ಮನೆಯವರ ಕಾರು, ಅಡುಗೆಯವರ ಗಾಡಿ, ಫೋಟೊದವರ ಗಾಡಿ ಅಂತ 12 ಹೋಯಿತು. ವಯಸ್ಸಾದವರನ್ನು ಕರೆತರುವ ಕಾರುಗಳಿಗೆ 10 ಬಿಡಬೇಕು ಅಂತ ಅಪ್ಪ ಹೇಳಿದರು. ಉಳಿದದ್ದು 8. ನಾನು ಕರೆಯುತ್ತಿರುವುದು ನೂರರ ಮೇಲೆ ಜನರನ್ನು. ಹೀಗಿರುವಾಗ "ಪಾರ್ಕಿಂಗ್ ಸೌಲಭ್ಯವಿದೆ" ಅಂತ ಹಾಕಿದರೆ ಕಾರು ತಂದವರು ಗಾಂಧಿ ಬಜಾರ್ ಸುತ್ತುತ್ತಾ, ಮುಹೂರ್ತ ತಪ್ಪಿಸಿಕೊಂಡು, ಬೇಜಾರು ಮಾಡಿಕೊಂಡು ಒಳಗೆ ಬರುತ್ತಾರೆ. ಇರುವುದನ್ನು ಇದ್ದ ಹಾಗೇ ಹೇಳಿ, ಬೇರೆ ದಾರಿಯನ್ನೂ ತೋರಿಸುವುದು ಒಳ್ಳೆಯದು. ನಮಗೆ ಆ ದಾರಿ ಮೆಟ್ರೊ. ನ್ಯಾಷನಲ್ ಕಾಲೇಜ್ ನಿಲ್ದಾಣದಿಂದ ನಡೆದೇ ಬರಬಹುದು. ವೈಟ್‌ಫೀಲ್ಡ್ ಕಡೆಯವರು ಮೆಜೆಸ್ಟಿಕ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ಆಯಿತು. ಕೊನೆಗೆ ಬರೆದದ್ದು ಹೀಗಿದೆ. ಸ್ಕ್ರೀನ್ ಮೇಲೆ ನೋಡಿ.

> ನಮ್ಮಿಬ್ಬರ ಮದುವೆ, ಫೆಬ್ರವರಿ ಕೊನೆಯ ಭಾನುವಾರ, ಬಸವನಗುಡಿಯಲ್ಲಿ.
> ಮುಹೂರ್ತ: ಬೆಳಗ್ಗೆ 9.45–10.40. ತಾಳಿ ಕಟ್ಟುವುದು 10ರ ಹೊತ್ತಿಗೆ. 9.15ಕ್ಕೆ ಬನ್ನಿ.
> ತಿಂಡಿ 8ರಿಂದ, ಊಟ 12ರಿಂದ.
> ಹಿಂದಿನ ಸಂಜೆ 6.30ಕ್ಕೆ ಆರತಕ್ಷತೆ, ಅದೇ ಮಂಟಪ. ಯಾವುದಕ್ಕೆ ಬಂದರೂ ಸಂತೋಷ.
> ಪಾರ್ಕಿಂಗ್: ಬೈಕ್, ಸ್ಕೂಟರಿಗೆ ಗೇಟಿನ ಎಡಕ್ಕೆ ಜಾಗವಿದೆ. ಕಾರಿಗೆ ಜಾಗ ತುಂಬ ಕಡಿಮೆ. ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜ್‌ಗೆ ಬನ್ನಿ. ಹಿರಿಯರನ್ನು ಕರೆತರುವವರು ನನಗೊಂದು ಮೆಸೇಜ್ ಹಾಕಿ, ಒಳಗೆ ಜಾಗ ಇಡಿಸುತ್ತೇನೆ.

ತಾರೀಕು, ಮಂಟಪದ ಹೆಸರು, ನಮ್ಮ ಹೆಸರುಗಳನ್ನು ಈ ವಿಡಿಯೋಗೋಸ್ಕರ ತೆಗೆದಿದ್ದೇನೆ. ನೀವು ಎಲ್ಲವನ್ನೂ ಹಾಕಿ. ಕನ್ನಡ ಬರದವರಿಗೆ ಇದನ್ನೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.

ಇನ್ನೊಂದು ವಿಷಯ. ಪ್ರೆಸ್ಸಿನವರು ಪತ್ರಿಕೆಯ ಅಕ್ಷರವನ್ನು ಹಳೇ ನುಡಿ ಫಾಂಟಿನಲ್ಲಿ ಕೊಟ್ಟರೆ ಅದನ್ನು ಮೊಬೈಲಿಗೆ ಹಾಗೇ ಹಾಕಬೇಡಿ. ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡು ಬರುತ್ತದೆ. ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಇಲ್ಲವಾದರೆ ಹೊಸದಾಗಿ ಟೈಪ್ ಮಾಡಿ. "ಮುಹೂರ್ತ"ದ ಅರ್ಕಾವತ್ತು, "ಶ್ರೀ"ಯ ಒತ್ತು ಚಿತ್ರದಲ್ಲಿ ಸರಿಯಾಗಿ ಕೂತಿದೆಯಾ ಅಂತ ದೊಡ್ಡದು ಮಾಡಿ ನೋಡಿ.

ಇನ್ನು ಆ ಒಂದು ಸಾಲು. ಎಲ್ಲರಿಗೂ ಒಂದೇ ಮೆಸೇಜ್ ಹೋದರೂ ಮೇಲಿನ ಸಾಲನ್ನು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬರೆದೆ. ಹಾಸ್ಟೆಲ್ ರೂಮ್‌ಮೇಟಿಗೆ: "ಪರೀಕ್ಷೆ ದಿನ ನನ್ನನ್ನು ಎಬ್ಬಿಸುತ್ತಿದ್ದವಳು ನೀನು, ಆವತ್ತು ಬೆಳಗ್ಗೆಯೂ ನೀನೇ ಬಂದು ಎಬ್ಬಿಸು." ಮೊದಲ ಕೆಲಸದಲ್ಲಿ ಕೈಹಿಡಿದು ಕಲಿಸಿದ ಮೇಡಂಗೆ: "ನೀವು ಬಂದು ಅಕ್ಷತೆ ಹಾಕಿದರೆ ನನಗೆ ಧೈರ್ಯ." ನೆನಪಿನ ಸಂಗತಿ ಒಂದು, ಅವರಿಂದ ನನಗೆ ಬೇಕಾದದ್ದು ಒಂದು, ಅಷ್ಟಿದ್ದರೆ ಸಾಲು ತಾನಾಗಿಯೇ ಬರುತ್ತದೆ. "ಸಕುಟುಂಬ ಸಮೇತರಾಗಿ" ಅನ್ನುವ ಬದಲು ಅವರ ಮಗಳ ಹೆಸರು ಹಾಕಿ "ಅವಳನ್ನೂ ಕರ್ಕೊಂಡು ಬನ್ನಿ" ಅಂತ ಬರೆದೆ.

ಕಳಿಸುವಾಗಲೂ ಒಬ್ಬೊಬ್ಬರಿಗೇ ಕಳಿಸಿದೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿ ಸುಲಭ, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹೊಸ ಸಹೋದ್ಯೋಗಿಗಳ ಫೋನಿನಲ್ಲಿ ನಿಮ್ಮ ನಂಬರ್ ಇಲ್ಲದಿದ್ದರೆ ಅವರು ಕರೆದೇ ಇಲ್ಲ ಅಂದುಕೊಳ್ಳುತ್ತಾರೆ. ಮದುವೆ ಪತ್ರಿಕೆ ಅಂತ ಹೇಳಿ `.apk` ಫೈಲ್ ಕಳಿಸಿ ಫೋನಿಗೆ ಕನ್ನ ಹಾಕುವ ಮೋಸವೂ ನಡೆಯುತ್ತಿದೆ, ಪೊಲೀಸರೇ ಎಚ್ಚರಿಸಿದ್ದಾರೆ. ಗುರುತಿಲ್ಲದ ನಂಬರಿನಿಂದ ಫೈಲ್ ಬಂದರೆ ಜನ ತೆರೆಯಲ್ಲ, ತೆರೆಯಲೂ ಬಾರದು. ಅದಕ್ಕೇ ಮೊದಲು ನನ್ನ ಹೆಸರು, ಆಫೀಸಿನಲ್ಲಿ ನಾನು ಯಾವ ಟೀಮು ಅಂತ ಬರೆದು, ಆಮೇಲೆ ಬರೀ ಚಿತ್ರ ಮತ್ತು ಮೆಸೇಜ್ ಕಳಿಸಿದೆ.

ಅಡುಗೆಯವರಿಗೆ ಎಲೆ ಲೆಕ್ಕ ಗುರುವಾರ ಹೇಳಬೇಕು. ಹಾಗಾಗಿ "ಬುಧವಾರದೊಳಗೆ ಎಷ್ಟು ಜನ ಬರ್ತೀರಿ ಹೇಳಿ" ಅಂತ ಕೊನೆಗೆ ಸೇರಿಸಿದ್ದೇನೆ. ಬರ್ತೀವಿ ಅಂದವರಿಗೆಲ್ಲ ಶನಿವಾರ ಬೆಳಗ್ಗೆ ಇನ್ನೊಂದು ಚಿಕ್ಕ ಮೆಸೇಜ್ ಹೋಗುತ್ತದೆ: ಗೇಟಿನ ಪಿನ್, ಪಾರ್ಕಿಂಗ್ ಸಾಲು, ಮತ್ತೆ ತಮ್ಮನ ನಂಬರ್. ಆವತ್ತು ನನ್ನ ಫೋನ್ ಯಾರೂ ಎತ್ತಲ್ಲ, ಗೇಟ್ ಹತ್ತಿರ ನಿಂತಿರುವುದು ಅವನೇ.