ಎರಡು ನಿಮಿಷ ಹತ್ತು ಸೆಕೆಂಡಿನಿಂದ ನೋಡಿರಿ

(ಧಾರವಾಡದಲ್ಲಿ ವೀಡಿಯೊ ಬರಹಗಾರರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ನನ್ನ ಪರಿಚಯ ಬೇಡವೆಂದು ಆಯೋಜಕರನ್ನು ಮೊದಲೇ ಕೇಳಿಕೊಂಡಿದ್ದೆ. ಏಕೆ ಎಂಬುದು ಈಗ ಹೇಳುವ ಕಥೆಯಿಂದಲೇ ತಿಳಿಯುತ್ತದೆ.

ಹಾವೇರಿ ಜಿಲ್ಲೆಯ ರೈತರಿಗಾಗಿ ನಾನು ಯೂಟ್ಯೂಬ್ ವೀಡಿಯೊಗಳನ್ನು ಬರೆಯುತ್ತೇನೆ. ಚಿತ್ರೀಕರಣ ನನ್ನ ಅಣ್ಣನ ಮಗನದು, ಮಾತು ನನ್ನದು. ಹೋದ ವರ್ಷ ಮೆಣಸಿನಕಾಯಿ ಸುಗ್ಗಿಯಲ್ಲಿ ಎಂಟು ನಿಮಿಷದ ಒಂದು ವೀಡಿಯೊ ಮಾಡಿದೆವು. ಅಕ್ಕಪಕ್ಕದ ಹೊಲದವರು ಒಂದೇ ದಿನ ಬ್ಯಾಡಗಿ ಮಾರುಕಟ್ಟೆಗೆ ಕಾಯಿ ತಂದರೂ ಒಬ್ಬರಿಗೆ ಒಳ್ಳೆಯ ದರ, ಇನ್ನೊಬ್ಬರಿಗೆ ಕಡಿಮೆ ದರ ಏಕೆ ಎಂಬುದು ವಿಷಯ. ಥಂಬ್‌ನೇಲ್ ಮೇಲೆ ಕೆಂಪು ರಾಶಿ ಎರಡು, ನಡುವೆ ‘ಒಂದೇ ಊರು, ಎರಡು ದರ’ ಎಂಬ ಅಕ್ಷರಗಳು. ವಾರ ಕಳೆದ ಮೇಲೆ ಯಾರೋ ಪುಣ್ಯಾತ್ಮರು ಕೆಳಗೆ ಹೀಗೆ ಬರೆದಿದ್ದರು: ‘ಎರಡು ನಿಮಿಷ ಹತ್ತು ಸೆಕೆಂಡಿನಿಂದ ನೋಡಿರಿ. ಅಲ್ಲಿಯವರೆಗೆ ಕಾಕಾ ಇತಿಹಾಸ ಹೇಳುತ್ತಾರೆ.’

ನನಗೆ ಸಿಟ್ಟು ಬಂತು. ಆಮೇಲೆ ಅಂಕಿಗಳನ್ನು ತೆರೆದು ನೋಡಿದೆ. ಆ ಒಂದು ಸಾಲಿನಲ್ಲಿ ಅವರು ಹೇಳಿದ್ದನ್ನೇ ಯೂಟ್ಯೂಬ್ ಸ್ಟುಡಿಯೋ ಗೆರೆ ಎಳೆದು ತೋರಿಸುತ್ತಿತ್ತು. ವೀಡಿಯೊದ ಯಾವ ಕ್ಷಣದಲ್ಲಿ ಶೇಕಡಾ ಎಷ್ಟು ಜನ ನೋಡುತ್ತಿದ್ದರು ಎಂಬುದನ್ನು ತೋರಿಸುವ ಗೆರೆ ಅದು. ಇಂದು ಆ ಗೆರೆಯನ್ನು ಓದುವ ಬಗೆಯನ್ನಷ್ಟೇ ಹೇಳುತ್ತೇನೆ. ಅಂಕಿಗಳು ನಮ್ಮ ವಾಹಿನಿಯವೇ. ನೆನಪಿಡಲು ಸುಲಭವಾಗಲಿ ಎಂದು ದುಂಡಗೆ ಮಾಡಿದ್ದೇನೆ.

ಮೊದಲು ಹೊಸ್ತಿಲಿನ ಲೆಕ್ಕ. ನಮ್ಮ ಥಂಬ್‌ನೇಲ್ 20,000 ಬಾರಿ ಜನರ ಕಣ್ಣಿಗೆ ಬಿದ್ದಿತ್ತು. ಇದಕ್ಕೆ ಇಂಪ್ರೆಷನ್ ಎನ್ನುತ್ತಾರೆ. ಚಿತ್ರದ ಕನಿಷ್ಠ ಅರ್ಧ ಭಾಗ ಪರದೆಯ ಮೇಲೆ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಹಂಚಿದ ಕೊಂಡಿಯಿಂದ ಬಂದವರು ಈ ಲೆಕ್ಕದಲ್ಲಿ ಇಲ್ಲ. ಇಪ್ಪತ್ತು ಸಾವಿರದಲ್ಲಿ ಒತ್ತಿ ಒಳಗೆ ಬಂದವರು 800, ಅಂದರೆ ಶೇಕಡಾ 4. ಅರ್ಧದಷ್ಟು ವಾಹಿನಿಗಳಲ್ಲಿ ಈ ಪ್ರಮಾಣ ಎರಡರಿಂದ ಹತ್ತರ ಒಳಗೆ ಇರುತ್ತದೆ ಎಂದು ಯೂಟ್ಯೂಬೇ ಹೇಳುತ್ತದೆ. ಹಾಗಾಗಿ ನಾಲ್ಕು ಅಳಬೇಕಾದ ಸಂಖ್ಯೆಯಲ್ಲ, ಬೀಗಬೇಕಾದದ್ದೂ ಅಲ್ಲ. ಕರೆ ಕೇಳಿ ಜನ ಬಂದಿದ್ದರು.

ಬಂದವರು ನಿಲ್ಲಲಿಲ್ಲ. ಮೂವತ್ತನೇ ಸೆಕೆಂಡಿಗೆ ಉಳಿದಿದ್ದವರು ಶೇಕಡಾ 38. ಸರಾಸರಿ ವೀಕ್ಷಣೆ ಒಂದು ನಿಮಿಷ ಐವತ್ತಾರು ಸೆಕೆಂಡು, ಎಂಟು ನಿಮಿಷದಲ್ಲಿ ಅದು ಕಾಲು ಭಾಗವೂ ಅಲ್ಲ. ‘ಕಾಕಾ, ಎಂಟು ನಿಮಿಷ ಬಹಳವಾಯಿತು, ನಾಲ್ಕಕ್ಕೆ ಇಳಿಸೋಣ’ ಎಂದ ಅಣ್ಣನ ಮಗ. ಸರಾಸರಿಯನ್ನು ಮಾತ್ರ ನೋಡಿದವರು ಹೇಳುವುದು ಅದನ್ನೇ. ಅವನ ಮಾತು ಕೇಳಿದ್ದರೆ ಚೆನ್ನಾಗಿದ್ದ ಭಾಗವನ್ನೇ ಕತ್ತರಿಸುತ್ತಿದ್ದೆವು. ಒಬ್ಬೊಬ್ಬರು ಸರಿಸುಮಾರು ಎಷ್ಟು ಹೊತ್ತು ನೋಡಿದರು ಎಂಬುದನ್ನು ಸರಾಸರಿ ಹೇಳುತ್ತದೆ, ಎಲ್ಲಿ ಎದ್ದು ಹೋದರು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಗೆರೆಯೇ ಬೇಕು.

ನಾನು ಮಾಡಿದ್ದು ಇಷ್ಟು. ಸ್ಕ್ರಿಪ್ಟನ್ನು ಮುದ್ರಿಸಿಕೊಂಡೆ. ವೀಡಿಯೊ ಓಡಿಸುತ್ತಾ ಪ್ರತಿ ಹತ್ತು ಸೆಕೆಂಡಿಗೆ ಎಲ್ಲಿದ್ದೇನೆ ಎಂದು ಕಾಗದದ ಅಂಚಿನಲ್ಲಿ ಪೆನ್ಸಿಲ್‌ನಿಂದ ಸಮಯ ಬರೆದೆ. ಪಕ್ಕದಲ್ಲಿ ಗೆರೆಯ ಶೇಕಡಾವಾರು ಬರೆದೆ. ಮೊದಲ ಅರ್ಧ ನಿಮಿಷದ ಮಾತು ಹೀಗಿತ್ತು: ‘ಎಲ್ಲ ರೈತ ಬಾಂಧವರಿಗೆ ನಮಸ್ಕಾರ, ನಮ್ಮ ವಾಹಿನಿಗೆ ಸ್ವಾಗತ. ಇನ್ನೂ ಚಂದಾದಾರರಾಗಿಲ್ಲದಿದ್ದರೆ ದಯವಿಟ್ಟು ಆಗಿರಿ. ಬ್ಯಾಡಗಿ ಮೆಣಸಿನಕಾಯಿ ಎಂದರೆ ಜಗತ್ತಿಗೇ ಪರಿಚಿತ. ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು...’ ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚೆಂದು ಹಾವೇರಿಯ ರೈತನಿಗೆ ನಾನು ಹೇಳಬೇಕೇ? ಅವನು ಎರಡು ದರದ ಕಾರಣ ಕೇಳಿ ಬಂದಿದ್ದ. ಕಾಗದದ ಅಂಚಿನಲ್ಲಿ ‘ಚಂದಾದಾರರಾಗಿರಿ’ ಎಂಬಲ್ಲಿಂದ ‘ಜಗತ್ತಿಗೇ ಪರಿಚಿತ’ ಎಂಬಲ್ಲಿಗೆ ಬರುವಷ್ಟರಲ್ಲಿ ಸಂಖ್ಯೆ 70ರಿಂದ 50ಕ್ಕೆ ಇಳಿದಿತ್ತು.

ಇಲ್ಲಿ ಒಂದು ಮಾತು. ಗೆರೆ ಕುಸಿದ ಜಾಗದಲ್ಲಿರುವ ವಾಕ್ಯವೇ ಅಪರಾಧಿ ಎಂದು ತಿಳಿಯಬಾರದು. ಬೇಸರವಾದವನು ಆ ಕ್ಷಣಕ್ಕೇ ಬೆರಳೆತ್ತುವುದಿಲ್ಲ, ಎರಡು ಮೂರು ಸೆಕೆಂಡು ಕಾದು ನೋಡುತ್ತಾನೆ. ಆದ್ದರಿಂದ ಕುಸಿತಕ್ಕಿಂತ ಒಂದೆರಡು ವಾಕ್ಯ ಮೇಲೆ ಓದಿರಿ. ಇನ್ನೊಂದು, ಎಷ್ಟೇ ಒಳ್ಳೆಯ ವೀಡಿಯೊ ಆದರೂ ಮೊದಲ ಕೆಲವು ಸೆಕೆಂಡುಗಳಲ್ಲಿ ಗೆರೆ ಇಳಿದೇ ಇಳಿಯುತ್ತದೆ. ತಪ್ಪಿ ಒತ್ತಿದವರು, ಇನ್ನೇನೋ ಹುಡುಕುತ್ತಿದ್ದವರು ಹೊರಡುತ್ತಾರೆ. ಅದನ್ನು ತಡೆಯಲು ಹೋಗಬೇಡಿ. ಇಳಿತ ಎಲ್ಲಿ ಸಾವಕಾಶವಾಗಬೇಕಿತ್ತೋ ಅಲ್ಲಿ ಆಗದೆ ಕಡಿದಾಗಿಯೇ ಮುಂದುವರಿದರೆ ಆಗ ಪೆನ್ಸಿಲ್ ಎತ್ತಿಕೊಳ್ಳಿರಿ.

ಈಗ ಆ ಎರಡು ನಿಮಿಷ ಹತ್ತು ಸೆಕೆಂಡಿಗೆ ಬರೋಣ. ಅಲ್ಲಿಯ ತನಕ ಗೆರೆ 26ಕ್ಕೆ ಇಳಿದು, ಆ ಜಾಗದಲ್ಲಿ ತಟ್ಟನೆ 31ಕ್ಕೆ ಏರಿತ್ತು. ಹೋದವರು ಮರಳಿ ಬಂದರೇ? ಇಲ್ಲ. ಮುಂದಕ್ಕೆ ಎಳೆದುಕೊಂಡು ಬಂದವರು ಅಲ್ಲಿ ಇಳಿದಿದ್ದರು. ಸ್ಕ್ರಿಪ್ಟಿನಲ್ಲಿ ಆ ಸಮಯಕ್ಕೆ ಇದ್ದ ವಾಕ್ಯ: ‘ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲುಗಾಡಿಸಿರಿ. ಒಳಗೆ ಬೀಜ ಗಲಗಲ ಎಂದರೆ ಒಣಗಿದೆ ಎಂದರ್ಥ.’ ವೀಡಿಯೊ ನಿಜವಾಗಿ ಶುರುವಾಗುವುದು ಅಲ್ಲಿಂದ. ನನ್ನ ಪ್ರೇಕ್ಷಕರು ಅದನ್ನು ನನಗಿಂತ ಮೊದಲು ಕಂಡುಕೊಂಡಿದ್ದರು.

ಗೆರೆ ಏರುವುದು ಎರಡು ಕಾರಣಕ್ಕೆ, ಇವೆರಡನ್ನು ಬೆರೆಸಿದರೆ ಮುಂದಿನ ಸ್ಕ್ರಿಪ್ಟ್ ಕೆಡುತ್ತದೆ. ಏರುವ ಮೊದಲು ತಗ್ಗು ಇದ್ದರೆ ಜನ ಆ ತಗ್ಗನ್ನು ಹಾರಿ ಬಂದಿದ್ದಾರೆ. ತಗ್ಗಿಲ್ಲದೆ ಸಮನಾದ ದಾರಿಯಲ್ಲಿ ಒಂದು ಗುಬುಟು ಎದ್ದಿದ್ದರೆ ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ. ಅಂಥದ್ದೊಂದು ಗುಬುಟು ನಮ್ಮ ಐದನೇ ನಿಮಿಷದಲ್ಲಿತ್ತು. ಕಡ್ಡಿ ಕಾಯಿ ಮತ್ತು ಡಬ್ಬಿ ಕಾಯಿಯನ್ನು ಅಕ್ಕಪಕ್ಕ ಇಟ್ಟು ತೋರಿಸಿದ ಜಾಗ ಅದು. ಜನರಿಗೆ ಅದು ಬಹಳ ಹಿಡಿಸಿದೆ ಎಂದು ನಾನು ಖುಷಿಪಟ್ಟೆ. ಮತ್ತೆ ನೋಡಿದಾಗ ತಿಳಿಯಿತು, ಆ ಚಿತ್ರ ಪರದೆಯ ಮೇಲೆ ಇದ್ದದ್ದು ನಾಲ್ಕೇ ಸೆಕೆಂಡು. ತೆಳ್ಳಗೆ ಉದ್ದವಾಗಿರುವುದು ಯಾವುದು, ಗಿಡ್ಡಗೆ ಉಬ್ಬಿರುವುದು ಯಾವುದು ಎಂದು ಹೇಳಿ ಮುಗಿಸುವ ಮೊದಲೇ ಚಿತ್ರ ಮಾಯವಾಗಿತ್ತು. ಮೆಚ್ಚಿ ಮತ್ತೆ ನೋಡುವುದೂ, ತಿಳಿಯದೆ ಮತ್ತೆ ನೋಡುವುದೂ ಗೆರೆಯಲ್ಲಿ ಒಂದೇ ಥರ ಕಾಣುತ್ತವೆ. ವೀಡಿಯೊ ನೋಡಿಯೇ ತೀರ್ಮಾನಿಸಬೇಕು.

ಇಷ್ಟನ್ನು ಓದಿದ ಮೇಲೆ ಮುಂದಿನ ಸ್ಕ್ರಿಪ್ಟಿನಲ್ಲಿ ಏನು ಬದಲಿಸುವುದು? ನನ್ನ ನಿಯಮ, ಒಮ್ಮೆಗೆ ಒಂದೇ ಬದಲಾವಣೆ. ಶೀರ್ಷಿಕೆ, ಥಂಬ್‌ನೇಲ್, ಆರಂಭ ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಲಾಭವಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ನಾವು ಆರಂಭವನ್ನು ಆರಿಸಿಕೊಂಡೆವು. ಮುಂದಿನ ವಿಷಯ ಕಾಯಿ ಒಣಗಿಸುವುದು. ಉದ್ದ ಅದೇ ಎಂಟು ನಿಮಿಷ, ಥಂಬ್‌ನೇಲ್ ಅದೇ ಮಾದರಿ. ಮೊದಲ ದೃಶ್ಯದಲ್ಲಿ ಎರಡು ಕೈ, ಎರಡು ಕಾಯಿ. ನಮಸ್ಕಾರವಿಲ್ಲ. ‘ಈ ಕಾಯಿ ಕೇಳಿರಿ, ಗಲಗಲ ಎನ್ನುತ್ತದೆ. ಇದೂ ಗಲಗಲ ಎನ್ನುತ್ತದೆ. ಎರಡೂ ಒಣಗಿವೆ. ಆದರೂ ಇದಕ್ಕೆ ದರ ಕಡಿಮೆ ಬಂತು. ಒಣಗಿಸಿದ ಜಾಗದಲ್ಲಿ ತಪ್ಪಾಗಿದೆ.’ ಹನ್ನೆರಡು ಸೆಕೆಂಡು.

ಉತ್ತರವನ್ನು ಮೊದಲೇ ಕೊಟ್ಟರೆ ಜನ ಎದ್ದು ಹೋಗುವುದಿಲ್ಲವೇ ಎಂದು ಅಣ್ಣನ ಮಗ ವಾದಿಸಿದ. ನನ್ನ ಅನುಭವದಲ್ಲಿ ಉತ್ತರ ಬಚ್ಚಿಟ್ಟುಕೊಂಡವನ ಬಳಿ ಜನ ನಿಲ್ಲುವುದಿಲ್ಲ. ಸಣ್ಣ ಉತ್ತರವನ್ನು ಕೊಟ್ಟು ಅದರ ಬೆನ್ನಿಗೆ ದೊಡ್ಡ ಪ್ರಶ್ನೆ ಇಟ್ಟವನ ಬಳಿ ನಿಲ್ಲುತ್ತಾರೆ. ಬೀಜದ ಸದ್ದು ಸಣ್ಣ ಉತ್ತರ. ಒಣಗಿದರೂ ದರ ಏಕೆ ಬಿತ್ತು ಎಂಬುದು ದೊಡ್ಡ ಪ್ರಶ್ನೆ. ಬರಿ ನೆಲದ ಮೇಲೆ ಹರಡಿದ ಕಾಯಿಗೆ ಮಣ್ಣು ಹತ್ತುವುದು, ರಾತ್ರಿ ಇಬ್ಬನಿಗೆ ತೊಯ್ದು ಬಣ್ಣ ಮಾಸುವುದು, ಇವೆಲ್ಲ ಆಮೇಲೆ ನಿಧಾನವಾಗಿ ಬಂದವು, ಜನ ಕೇಳಿದರು. ಮೂವತ್ತನೇ ಸೆಕೆಂಡಿಗೆ ಉಳಿದವರು ಈ ಸಲ ಶೇಕಡಾ 61.

ಆದರೆ ಸಿ.ಟಿ.ಆರ್., ಅಂದರೆ ಒತ್ತಿ ಬಂದವರ ಪ್ರಮಾಣ, 4ರಿಂದ 3.4ಕ್ಕೆ ಇಳಿದಿತ್ತು. ಥಂಬ್‌ನೇಲ್ ಬದಲಿಸೋಣ ಎಂದು ಮನೆಯಲ್ಲಿ ಗದ್ದಲವೇ ಆಯಿತು. ಇಂಪ್ರೆಷನ್ ನೋಡಿದರೆ 20,000 ಇದ್ದದ್ದು 55,000 ಆಗಿದೆ. 55,000ದಲ್ಲಿ 3.4 ಎಂದರೆ 1,870 ಜನ. ಮೊದಲಿನ 800ರ ಎರಡು ಪಟ್ಟಿಗಿಂತ ಹೆಚ್ಚು. ಜನ ನಿಂತು ನೋಡುತ್ತಿರುವುದರಿಂದ ಯೂಟ್ಯೂಬ್ ವೀಡಿಯೊವನ್ನು ನಮ್ಮನ್ನು ಅರಿಯದವರ ಮುಂದೆಯೂ ಇಟ್ಟಿತ್ತು. ಗುರುತಿನವರು ಹೆಸರು ನೋಡಿ ಒತ್ತುತ್ತಾರೆ, ಅಪರಿಚಿತರು ಅಷ್ಟು ಒತ್ತುವುದಿಲ್ಲ. ಆದ್ದರಿಂದ ಈ ಪ್ರಮಾಣವನ್ನು ಇಂಪ್ರೆಷನ್ ಜೊತೆಯಲ್ಲಿಟ್ಟೇ ಓದಬೇಕು, ಸಾಧ್ಯವಾದರೆ ವೀಕ್ಷಕರು ಬಂದ ಮೂಲಗಳನ್ನು ಬಿಡಿಸಿ ಓದಬೇಕು. ನಾನು ಹೆದರುವುದು ಇದರ ತಿರುವುಮುರುವಾದ ಸ್ಥಿತಿಗೆ: ಒತ್ತುವವರು ಬಹಳ, ಮೂವತ್ತನೇ ಸೆಕೆಂಡಿಗೆ ಉಳಿದವರು ಕಡಿಮೆ. ಆಗ ಥಂಬ್‌ನೇಲ್ ಹೇಳಿದ್ದನ್ನು ಸ್ಕ್ರಿಪ್ಟ್ ಕೊಟ್ಟಿಲ್ಲ. ನಮ್ಮ ಮೊದಲ ವೀಡಿಯೊದ ರೋಗ ಹೆಚ್ಚುಕಡಿಮೆ ಅದೇ.

ಶಾರ್ಟ್ಸ್ ಮಾಡುವವರಿಗೆ ಒಂದೇ ಮಾತು. 2025ರ ಮಾರ್ಚ್ 31ರಿಂದ ಅಲ್ಲಿ ವೀಡಿಯೊ ಓಡಲು ಶುರುವಾದರೂ ಸಾಕು, ಒಂದು ವೀಕ್ಷಣೆ ಎಂದು ಎಣಿಸುತ್ತಾರೆ. ಹಾಗಾಗಿ ವೀಕ್ಷಣೆಯ ಸಂಖ್ಯೆ ನಿಮ್ಮ ಮೊದಲ ವಾಕ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ನಿಂತು ನೋಡಿದವರೆಷ್ಟು, ಬೆರಳಿನಿಂದ ಸರಿಸಿದವರೆಷ್ಟು ಎಂಬ ಭಾಗವನ್ನು ನೋಡಿರಿ.

ಯಾವಾಗ ಓದಬಾರದು ಎಂಬುದೂ ಗೊತ್ತಿರಲಿ. ಈ ಗೆರೆ ಸಿದ್ಧವಾಗಲು ಒಂದೆರಡು ದಿನ ಹಿಡಿಯುತ್ತದೆ, ಹಾಕಿದ ರಾತ್ರಿಯೇ ಕೂತು ತಲೆ ಕೆಡಿಸಿಕೊಳ್ಳಬೇಡಿ. ಐವತ್ತು ಜನ ನೋಡಿದ ವೀಡಿಯೊದಲ್ಲಿ ಒಬ್ಬರು ಎದ್ದು ಹೋದರೆ ಶೇಕಡಾ ಎರಡು ಬೀಳುತ್ತದೆ. ಅವರಿಗೆ ಬೇಸರವಾಯಿತೋ, ಬಸ್ ಬಂತೋ ಯಾರಿಗೆ ಗೊತ್ತು? ಕೆಲವು ನೂರು ಜನ ನೋಡುವವರೆಗೆ ನಾನು ಪೆನ್ಸಿಲ್ ಹಿಡಿಯುವುದಿಲ್ಲ. ಆರು ನಿಮಿಷದ ವೀಡಿಯೊವನ್ನು ಹನ್ನೆರಡು ನಿಮಿಷದ್ದರ ಜೊತೆ ಹೋಲಿಸುವುದೂ ಇಲ್ಲ. ಉದ್ದವಾದಷ್ಟು ಶೇಕಡಾವಾರು ತಾನಾಗಿ ಇಳಿಯುತ್ತದೆ.

ಎರಡನೇ ವೀಡಿಯೊದಲ್ಲಿ ಆರಂಭ ಸರಿಹೋಯಿತು, ರೋಗ ಬೇರೆಡೆ ಕಾಣಿಸಿಕೊಂಡಿತು. ಆರು ನಿಮಿಷ ಇಪ್ಪತ್ತು ಸೆಕೆಂಡಿನವರೆಗೆ ಗೆರೆ ಮೆಲ್ಲಗೆ ಇಳಿಯುತ್ತಾ ಬಂದು, ಅಲ್ಲಿ ಗೋಡೆಯಂತೆ ನೆಟ್ಟಗೆ ಬಿದ್ದಿದೆ. ಕಾಗದ ತೆಗೆದು ನೋಡಿದೆ. ಅಲ್ಲಿ ನಾನು ಹೇಳಿದ್ದು ‘ಒಟ್ಟಿನಲ್ಲಿ ಹೇಳಬೇಕೆಂದರೆ’. ಎರಡೇ ಪದ, ಉಳಿದವರಲ್ಲಿ ಮೂರನೇ ಒಂದು ಭಾಗ ಎದ್ದಿತ್ತು. ಮುಖ್ಯವಾದ ಎಚ್ಚರಿಕೆಯೊಂದು, ಕಾಯಿಯನ್ನು ಬಿಸಿಯಿರುವಾಗಲೇ ಚೀಲಕ್ಕೆ ತುಂಬಬಾರದು ಎಂಬುದು, ಆ ಪದಗಳ ಆಚೆಗಿತ್ತು. ಮೂರನೇ ಸ್ಕ್ರಿಪ್ಟಿನಲ್ಲಿ ಚೀಲದ ಮಾತನ್ನು ನಾಲ್ಕನೇ ನಿಮಿಷಕ್ಕೆ ತಂದಿದ್ದೇನೆ, ಆ ಎರಡು ಪದಗಳನ್ನು ಹೊಡೆದುಹಾಕಿದ್ದೇನೆ. ವೀಡಿಯೊ ಸೋಮವಾರ ಹಾಕಿದ್ದೇವೆ. ಇಂದು ಬುಧವಾರ, ನೋಡಿದವರು ಇನ್ನೂ ನೂರಾ ಎಪ್ಪತ್ತು. ಗೆರೆಯನ್ನು ನಾನಿನ್ನೂ ತೆರೆದಿಲ್ಲ.

ಪ್ರಶ್ನೆಗಳಿದ್ದರೆ ಕೇಳಿರಿ.