ಅಜ್ಜಿಯ ತಲೆ ಸರಿಯಾಗಿ ಕೂತಿದೆಯಾ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ನೀವೆಲ್ಲ ಮದುವೆ ಆಲ್ಬಮ್ ಮಾಡುವವರು. ತಲೆ ಬದಲಾಯಿಸುವುದು ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಾನು ಮಾತಾಡುವುದು ಅದಾದ ಮೇಲಿನ ಹತ್ತು ನಿಮಿಷದ ಬಗ್ಗೆ. ಕೆಲಸ ಮುಗಿಯಿತು ಅನ್ನಿಸಿದಾಗ ಫೋಟೋವನ್ನು ಎಡಬಲ ತಿರುಗಿಸಿ ನೋಡುವುದು, ಬಣ್ಣ ತೆಗೆದು ನೋಡುವುದು, ಹತ್ತಿರ ಹೋಗಿ ನೋಡುವುದು. ಈ ಮೂರನ್ನೂ ಇದೇ ಸಾಲಿನಲ್ಲಿ ಮಾಡಬೇಕು ಅನ್ನುವುದು ನನ್ನ ಮಾತು. ಯಾಕೆ ಅನ್ನುವುದಕ್ಕೆ ನಾನೇ ಮಾಡಿದ ಒಂದು ಫೋಟೋ ಹೇಳುತ್ತೇನೆ.

ಮದುವೆ ಸ್ಟೇಜ್ ಮೇಲೆ ಹದಿನಾಲ್ಕು ಜನರ ಗ್ರೂಪ್. ಹದಿಮೂರು ಜನ ಚೆನ್ನಾಗಿ ಬಂದಿದ್ದಾರೆ, ನಡುವೆ ಕೂತ ಅಜ್ಜಿ ಮಾತ್ರ ಕಣ್ಣು ಮುಚ್ಚಿದ್ದಾರೆ. ಒಂದು ನಿಮಿಷದ ನಂತರದ ಫ್ರೇಮಿನಲ್ಲಿ ಅಜ್ಜಿ ನಗುತ್ತಿದ್ದಾರೆ, ಆದರೆ ಮೊಮ್ಮಗು ಓಡಿಹೋಗಿದೆ. ಹಾಗಾಗಿ ಎರಡನೆಯ ಫ್ರೇಮಿನ ತಲೆಯನ್ನು ಮೊದಲನೆಯದಕ್ಕೆ ತಂದೆ. ಕತ್ತಿನ ಹತ್ತಿರ ಮಾಸ್ಕ್ ಮಾಡಿದೆ, ಬಣ್ಣ ಹೊಂದಿಸಿದೆ. ಎರಡು ಗಂಟೆ ಹಿಡಿಯಿತು. ನನಗೆ ಏನೂ ತಪ್ಪು ಕಾಣಲಿಲ್ಲ. ಮನೆಯವರಿಗೆ ತೋರಿಸಿದಾಗ ಮಗಳು ನೋಡಿದ ತಕ್ಷಣ ಅಂದರು: "ಅಮ್ಮನ ತಲೆ ಯಾಕೋ ಮುಂದೆ ಬಂದ ಹಾಗಿದೆ ಅಲ್ವಾ?"

ನನಗೆ ಯಾಕೆ ಕಾಣಲಿಲ್ಲ? ಎರಡು ಗಂಟೆ ಒಂದೇ ಚಿತ್ರ ನೋಡಿದ ಕಣ್ಣಿಗೆ ಆ ಓರೆಯೇ ನೇರ ಅನ್ನಿಸಿಬಿಟ್ಟಿರುತ್ತದೆ. ಚಿತ್ರ ಬರೆಯುವವರು ಕನ್ನಡಿಯಲ್ಲಿ ತಮ್ಮ ಚಿತ್ರ ನೋಡಿಕೊಳ್ಳುತ್ತಿದ್ದದ್ದು ಇದಕ್ಕೇ. ನಮಗೆ ಕನ್ನಡಿ ಬೇಡ. ಫೋಟೋಶಾಪಿನಲ್ಲಿ `Image > Image Rotation > Flip Canvas Horizontal` ಇದೆ. ಇದು ಫೈಲನ್ನೇ ತಿರುಗಿಸುತ್ತದೆ, ಆದ್ದರಿಂದ ಮರೆಯದೆ ವಾಪಸ್ ತಿರುಗಿಸಬೇಕು. ಈಚಿನ ಆವೃತ್ತಿಗಳಲ್ಲಿ `View > Flip Horizontal` ಇದೆ. ಅದು ನೋಟವನ್ನು ಮಾತ್ರ ತಿರುಗಿಸುತ್ತದೆ, ನಾನು ಅದನ್ನೇ ಬಳಸುತ್ತೇನೆ.

ತಿರುಗಿಸುವ ಮೊದಲು `Ctrl+0` ಒತ್ತಿ ಇಡೀ ಗ್ರೂಪ್ ಕಾಣುವ ಹಾಗೆ ಮಾಡಿ. ತಿರುಗಿಸಿದ ಮೇಲೆ ಮುಖವನ್ನು ನೋಡಬೇಡಿ. ಯಾರ ಮುಖವೂ ಎರಡು ಕಡೆ ಒಂದೇ ಸಮ ಇರುವುದಿಲ್ಲ, ತಿರುಗಿಸಿದರೆ ಗುರುತಿನವರ ಮುಖ ಹೇಗಿದ್ದರೂ ವಿಚಿತ್ರವಾಗಿಯೇ ಕಾಣುತ್ತದೆ. ಅದನ್ನು ತಪ್ಪು ಅಂದುಕೊಂಡು ತಿದ್ದಲು ಹೋದವರನ್ನು ನೋಡಿದ್ದೇನೆ. ನೋಡಬೇಕಾದದ್ದು ಕತ್ತು ಹೆಗಲಿಗೆ ಸೇರುವ ಜಾಗ, ಗಲ್ಲದಿಂದ ಎದೆಗೆ ಇಳಿಯುವ ಗೆರೆ, ಪಕ್ಕದವರ ತಲೆಯ ಅಳತೆ.

ಅಜ್ಜಿಯ ಫೋಟೋ ತಿರುಗಿಸಿದಾಗ ಎರಡು ತಪ್ಪು ಒಟ್ಟಿಗೆ ಕಂಡವು. ತಲೆ ಸ್ವಲ್ಪ ಓರೆ, ಮತ್ತು ಪಕ್ಕದಲ್ಲಿ ಕೂತ ತಾತನ ತಲೆಗಿಂತ ದೊಡ್ಡದು. ಕಣ್ಣು ಮುಚ್ಚಿದ್ದ ಮೂಲ ತಲೆಯನ್ನು ಮೇಲಿಟ್ಟು ಅಳೆದೆ. ಕಿವಿಯಿಂದ ಕಿವಿಗೆ 4% ಜಾಸ್ತಿ ಇತ್ತು. ಆ ಒಂದು ನಿಮಿಷದಲ್ಲಿ ಕ್ಯಾಮೆರಾ ಹಿಡಿದವರು ಒಂದು ಹೆಜ್ಜೆ ಮುಂದೆ ಬಂದಿದ್ದರು, ಅಷ್ಟೇ. ತಲೆಯನ್ನು 96%ಗೆ ಇಳಿಸಿ, 2 ಡಿಗ್ರಿ ತಿರುಗಿಸಿದೆ. ಮಗಳು ಹೇಳಿದ "ಮುಂದೆ ಬಂದ ಹಾಗೆ" ಹೋಯಿತು. ಆದರೆ ಕತ್ತಿನ ಮಾಸ್ಕ್ ಪೂರ್ತಿ ಹೊಸದಾಗಿ ಮಾಡಬೇಕಾಯಿತು. ತಿರುಗಿಸಿ ನೋಡುವುದು ಮೊದಲು ಬರಬೇಕು ಅನ್ನುವುದು ಇದಕ್ಕೇ. ಅಂಚು ನುಣುಪು ಮಾಡಿದ ಮೇಲೆ ತಲೆ ಸರಿಸಿದರೆ ಆ ನುಣುಪೆಲ್ಲ ದಂಡ.

ತಿರುಗಿಸಿದರೂ ಸಿಗದ ತಪ್ಪು ಒಂದಿದೆ. ಬೆಳಕು ಹೊಂದಲಿ ಅಂತ ಕೆಲವರು ತಂದ ತಲೆಯನ್ನೇ ಎಡಬಲ ಮಾಡಿಬಿಡುತ್ತಾರೆ. ಆಗ ಮೂಗುತಿ ಇನ್ನೊಂದು ಹೊಳ್ಳೆಗೆ ಹೋಗುತ್ತದೆ, ಬೈತಲೆ, ಮಚ್ಚೆ ಎಲ್ಲ ಆ ಕಡೆಗೆ. ಕಸುಬಿನ ಕಣ್ಣಿಗೆ ಇದು ಕಾಣುವುದೇ ಇಲ್ಲ, ಮನೆಯವರಿಗೆ ಕ್ಷಣದಲ್ಲಿ ಕಾಣುತ್ತದೆ. ಇದಕ್ಕೆ ಮೂಲ ಫ್ರೇಮನ್ನು ಪಕ್ಕದಲ್ಲಿಟ್ಟು ನೋಡುವುದೊಂದೇ ದಾರಿ.

ಇನ್ನು ಬಣ್ಣ ತೆಗೆಯುವುದು. ಸ್ಟೇಜ್ ಮೇಲೆ ಕೆಂಪು ಸೀರೆ, ಜರಿ, ಚೆಂಡು ಹೂವು. ಬಣ್ಣದ ಗಲಾಟೆಯಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸ ಮುಚ್ಚಿಹೋಗುತ್ತದೆ. ಬಹಳ ಜನ `Hue/Saturation`ನಲ್ಲಿ ಸ್ಯಾಚುರೇಶನ್ -100 ಮಾಡಿ ನೋಡುತ್ತಾರೆ. ದಯವಿಟ್ಟು ಅದನ್ನು ನಂಬಬೇಡಿ. ಆ ಲೆಕ್ಕದಲ್ಲಿ ಅಚ್ಚ ಕೆಂಪು, ಅಚ್ಚ ಹಸಿರು, ಅಚ್ಚ ನೀಲಿ ಮೂರೂ ಒಂದೇ ಬೂದು ಆಗುತ್ತವೆ. ನಮ್ಮ ಕಣ್ಣಿಗೆ ಹಸಿರು ಎಷ್ಟೋ ಬೆಳ್ಳಗೆ, ನೀಲಿ ಕಪ್ಪಗೆ. ಅದರ ಬದಲು `Layer > New Fill Layer > Solid Color` ತೆಗೆದು ಬೂದು ಬಣ್ಣ ತುಂಬಿ, ಲೇಯರಿನ ಮೋಡನ್ನು `Color` ಮಾಡಿ, ಎಲ್ಲಕ್ಕಿಂತ ಮೇಲಿಡಿ. ಕಣ್ಣಿನ ಗುರುತು ಒತ್ತಿದರೆ ಬಣ್ಣ ಹೋಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ.

ಬಣ್ಣ ಹೋದ ತಕ್ಷಣ ಅಜ್ಜಿಯ ಮುಖ ತೆಳುವಾದ ಹೊಗೆಯ ಹಿಂದೆ ಇದ್ದ ಹಾಗೆ ಕಂಡಿತು. ಇಂಥ ಕಡೆ ನಾನು ನೋಡುವುದು ಮೂಗಿನ ಹೊಳ್ಳೆಯ ಒಳಗನ್ನು. ಗ್ರೂಪಿನಲ್ಲಿ ಎಲ್ಲರಿಗೂ ಅಲ್ಲಿ ಹೆಚ್ಚುಕಡಿಮೆ ಅದೇ ಕಪ್ಪು ಇರಬೇಕು. `Info` ಪ್ಯಾನೆಲ್‌ನಲ್ಲಿ ತಾತನದು 12ರ ಆಸುಪಾಸು, ಅಜ್ಜಿಯದು 35. ಎರಡನೆಯ ಫ್ರೇಮಿನ ಹೊತ್ತಿಗೆ ವಿಡಿಯೋದವರು ಪಕ್ಕಕ್ಕೆ ಸರಿದಿದ್ದರು, ಅವರ ಲೈಟ್ ಲೆನ್ಸಿಗೆ ಓರೆಯಾಗಿ ಹೊಡೆದಿತ್ತು. ಅದರಿಂದ ಕಪ್ಪೆಲ್ಲ ಮಬ್ಬಾಗಿತ್ತು. ತಲೆಯ ಲೇಯರಿಗೆ ಮಾತ್ರ ಅಂಟಿಸಿದ `Levels`ನಲ್ಲಿ ಎಡಗಡೆಯ ಕಪ್ಪು ಗುರುತನ್ನು 23ಕ್ಕೆ ತಂದೆ. 35 ಇದ್ದದ್ದು 13ಕ್ಕೆ ಇಳಿಯಿತು, ಹೊಗೆ ಹೋಯಿತು. ಬಣ್ಣದಲ್ಲಿ ನೋಡುವಾಗ ಇದನ್ನೇ ನಾನು ಮೈಬಣ್ಣದ ತಪ್ಪು ಅಂದುಕೊಂಡು ಅರ್ಧ ಗಂಟೆ ಹಳದಿ ಕೆಂಪು ಎಳೆದಾಡಿದ್ದೆ.

ಮೈಬಣ್ಣದ ತಪ್ಪು ಮಾತ್ರ ಬೂದು ನೋಟದಲ್ಲಿ ಸಿಗುವುದಿಲ್ಲ. ಹೊಳಪು ಸರಿಹೋದ ಮೇಲೆ ಬಣ್ಣ ವಾಪಸ್ ತಂದು ಅದನ್ನು ನೋಡಿ.

ಕೊನೆಗೆ ಹತ್ತಿರ ಹೋಗುವುದು. `Ctrl+1` ಒತ್ತಿದರೆ 100%. 66.7%ನಂಥ ನಡುವಿನ ಅಳತೆಯಲ್ಲಿ ಕಾಳುಕಾಳು ಮತ್ತು ಚೂಪು ನೋಡಿ ತೀರ್ಮಾನ ಮಾಡಬೇಡಿ, ಪರದೆಗೆ ಹೊಂದಿಸಲು ಅಲ್ಲಿ ಚಿತ್ರವನ್ನು ಕುಗ್ಗಿಸಿ ತೋರಿಸಿರುತ್ತಾರೆ. ಮೊದಲು ಅಜ್ಜಿಯ ಬಿಳಿ ಕೂದಲಿನ ಅಂಚು ನೋಡಿದೆ. ಎರಡನೆಯ ಫ್ರೇಮಿನ ಚೆಂಡು ಹೂವಿನ ಕಿತ್ತಳೆ ಬಣ್ಣ ಕೂದಲ ಎಳೆಗಳಿಗೆ ಅಂಟಿಕೊಂಡು ಬಂದಿತ್ತು, ಆದರೆ ಈ ಫ್ರೇಮಿನಲ್ಲಿ ಅವರ ಹಿಂದೆ ಇದ್ದದ್ದು ಹಸಿರು ಎಲೆ. ಆ ಅಂಚಿನ ಬಣ್ಣವನ್ನಷ್ಟೇ ಬ್ರಷ್‌ನಲ್ಲಿ ತೆಗೆದೆ. ಆಮೇಲೆ ಕೆನ್ನೆ. ತಾತನ ಕೆನ್ನೆಯಲ್ಲಿ ಸಣ್ಣ ಕಾಳುಕಾಳು ಇದೆ, ಅಜ್ಜಿಯ ಕೆನ್ನೆ ನುಣ್ಣಗಿದೆ. ತಲೆಯನ್ನು ಕುಗ್ಗಿಸಿ 2 ಡಿಗ್ರಿ ತಿರುಗಿಸಿದಾಗ ಕಾಳು ಕರಗಿತ್ತು. ತಲೆಯ ಮೇಲೆ ಮಾತ್ರ ಸ್ವಲ್ಪ ನಾಯ್ಸ್ ಸೇರಿಸಿ ತಾತನ ಕೆನ್ನೆಗೆ ಹೊಂದಿಸಿದೆ.

200%ಗೆ ಹೋದಾಗ ಇನ್ನೊಂದು ಕಂಡಿತು. ಹದಿಮೂರು ಜನರ ಕಣ್ಣಿನಲ್ಲೂ ಎರಡು ಬೆಳಕಿನ ಚುಕ್ಕೆ, ಒಂದು ಫ್ಲ್ಯಾಶಿನದು, ಒಂದು ವಿಡಿಯೋ ಲೈಟಿನದು. ಅಜ್ಜಿಯ ಕಣ್ಣಿನಲ್ಲಿ ಒಂದೇ. ವಿಡಿಯೋದವರು ಪಕ್ಕಕ್ಕೆ ಸರಿದಿದ್ದರಲ್ಲ, ಅದಕ್ಕೆ. ಎರಡನೆಯ ಚುಕ್ಕೆ ಇಡಬಹುದಿತ್ತು. ನಾನು ಇಡಲಿಲ್ಲ. ಆಲ್ಬಮ್ 300 ಡಿಪಿಐನಲ್ಲಿ ಪ್ರಿಂಟ್ ಆಗುತ್ತದೆ. ನಮ್ಮ ಸಾಮಾನ್ಯ ಮಾನಿಟರಿನಲ್ಲಿ 100% ಅಂದರೇ ಪ್ರಿಂಟಿನ ಸುಮಾರು ಮೂರು ಪಟ್ಟು ದೊಡ್ಡದು, 200% ಅಂದರೆ ಆರು ಪಟ್ಟು. ಗ್ರೂಪ್ ಫೋಟೋದಲ್ಲಿ ಅಜ್ಜಿಯ ಕಣ್ಣು ಅಕ್ಕಿ ಕಾಳಿಗಿಂತ ಚಿಕ್ಕದು. ಅಜ್ಜಿ ಒಬ್ಬರದೇ ದೊಡ್ಡ ಫ್ರೇಮ್ ಆಗಿದ್ದರೆ ಖಂಡಿತ ಇಡುತ್ತಿದ್ದೆ.

ಆಮೇಲೆ ಬೂದು ಲೇಯರ್ ಅಳಿಸಿದೆ, ನೋಟ ವಾಪಸ್ ತಿರುಗಿಸಿದೆ, ಹಿಂದಿನ ಬ್ಯಾನರ್ ಮೇಲಿನ ಹೆಸರು ನೆಟ್ಟಗೆ ಓದಲು ಬರುತ್ತದಾ ನೋಡಿಕೊಂಡೆ. ಸೇವ್ ಮಾಡಿ ಮಗಳಿಗೆ ಮತ್ತೆ ಕಳಿಸಿದೆ. ಈ ಸಲ ಅವರು ಕೇಳಿದ್ದು ಓಡಿಹೋದ ಮಗು ಎಲ್ಲಿ ಸಿಕ್ಕಿತು ಅಂತ.